ನೆಲಮಾಳಿಗೆಗೆ ನೀರು ನುಗ್ಗಿದ ಮೇಲೆ ಕಾರಿನ ಕೀಲಿ ತಿರುಗಿಸಿದವನೂ ತಿರುಗಿಸದವನೂ

ನಿವೃತ್ತ ವಿಮಾ ಸರ್ವೇಯರ್, ಕಾಸರಗೋಡು

ಕಳೆದ ಭಾನುವಾರ ಹೆದ್ದಾರಿಯ ಪಕ್ಕದ ಒಂದು ವಸತಿ ಸಮುಚ್ಚಯದ ನಿವಾಸಿಗಳ ಸಂಘದವರು ನೀರಿನಲ್ಲಿ ಮುಳುಗಿದ ವಾಹನಗಳ ವಿಮೆಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಅರ್ಧ ಗಂಟೆ ಎಂದು ಹೇಳಿದ್ದು ಎರಡು ಗಂಟೆಯಾಯಿತು. ಕೊನೆಗೆ ಚಹಾ ಆರಿತ್ತು, ಪ್ರಶ್ನೆಗಳು ಆರಿರಲಿಲ್ಲ. ಸಭೆಗೆ ಬಾರದವರು ಫೋನ್ ಮಾಡಿ ಕೇಳುತ್ತಿರುವುದರಿಂದ ಅಲ್ಲಿ ಹೇಳಿದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತೇನೆ. ಉಳಿದದ್ದನ್ನು ಕೇಳಿದರೆ ಹೇಳಬಹುದು.

ನಾನು ಕೆಲಸದಲ್ಲಿದ್ದಾಗ ಕರಾವಳಿಯ ಒಂದು ಊರಿನಲ್ಲಿ ಜುಲೈ ತಿಂಗಳ ಒಂದು ರಾತ್ರಿ ಕಟ್ಟಡವೊಂದರ ನೆಲಮಾಳಿಗೆಗೆ ರಸ್ತೆಯ ನೀರು ನುಗ್ಗಿತು. ಅಕ್ಕಪಕ್ಕದಲ್ಲಿ ನಿಂತಿದ್ದ ಎರಡು ಕಾರುಗಳು ಒಂದೇ ಮಾದರಿಯವು, 1200 ಸಿಸಿ ಪೆಟ್ರೋಲ್, ಎರಡಕ್ಕೂ ಎರಡು ವರ್ಷ ತುಂಬಿ ಮೂರನೆಯದು ನಡೆಯುತ್ತಿತ್ತು. ನೀರು ಸುಮಾರು 70 ಸೆಂಟಿಮೀಟರ್ ಏರಿತ್ತು. ಸೀಟು ಮುಳುಗಿತ್ತು, ಡ್ಯಾಶ್‌ಬೋರ್ಡ್ ಮುಳುಗಿರಲಿಲ್ಲ. ಒಳಬಾಗಿಲಿನ ಬಟ್ಟೆಯ ಮೇಲೆ ಕೆಸರಿನ ಗೆರೆ ಎರಡರಲ್ಲಿಯೂ ಒಂದೇ ಎತ್ತರದಲ್ಲಿತ್ತು. ಎರಡರಲ್ಲಿಯೂ ಸ್ವಂತ ಹಾನಿಗೆ ವಿಮೆ ಇತ್ತು, ಹೆಚ್ಚುವರಿ ರಕ್ಷಣೆ ಯಾವುದೂ ಇರಲಿಲ್ಲ.

ಮೊದಲ ಕಾರಿನ ಯಜಮಾನರು ಗಲ್ಫಿನಲ್ಲಿದ್ದರು. ಮನೆಯಲ್ಲಿದ್ದ ಅವರ ಹೆಂಡತಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಅದನ್ನು ಯಾರೂ ಮುಟ್ಟಲಿಲ್ಲ. ಎರಡನೆಯವರು ಬ್ಯಾಂಕ್ ಉದ್ಯೋಗಿ. ಮಧ್ಯಾಹ್ನದ ಹೊತ್ತಿಗೆ ನೀರು ಇಳಿಯಿತು, ಕಾರು ಹೊರಗಿನಿಂದ ಒಣಗಿದಂತೆ ಕಂಡಿತು, ಒಮ್ಮೆ ನೋಡೋಣವೆಂದು ಕೀಲಿ ತಿರುಗಿಸಿದರು. ಟಕ್ ಎಂದು ಒಂದು ಶಬ್ದ ಬಂದು ಎಂಜಿನ್ ನಿಂತಿತು. ಮತ್ತೊಮ್ಮೆ ತಿರುಗಿಸಿದರು.

ಆ ಟಕ್ ಎಂಬುದು ಏನೆಂದು ಹೇಳುತ್ತೇನೆ. ಆ ಎಂಜಿನಿನಲ್ಲಿ ಮೂರು ಸಿಲಿಂಡರ್‌ಗಳು. ಒಂದೊಂದರಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 45 ಮಿಲಿಲೀಟರ್, ಅಂದರೆ ಹೋಟೆಲಿನ ಸಣ್ಣ ಲೋಟದಲ್ಲಿ ಅರ್ಧ ಚಹಾ. ಗಾಳಿಯನ್ನು ಅಷ್ಟು ಜಾಗಕ್ಕೆ ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಗಾಳಿ ಒಳಬರುವ ದಾರಿಯಲ್ಲಿ ಅದಕ್ಕಿಂತ ಹೆಚ್ಚು ನೀರು ಸಿಲಿಂಡರಿಗೆ ಇಳಿದಿದ್ದರೆ ಮೇಲೇರುವ ಪಿಸ್ಟನ್ ನೀರಿಗೆ ಗುದ್ದುತ್ತದೆ, ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅವರದ್ದರಲ್ಲಿ ಒಂದು ರಾಡ್ ಬಾಗಿ ಬ್ಲಾಕ್ ಸೀಳಿತ್ತು.

ಈಗ ಲೆಕ್ಕ. ಸುಲಭವಾಗಲೆಂದು ಅಂಕೆಗಳನ್ನು ದುಂಡಗೆ ಮಾಡಿದ್ದೇನೆ. ನೆನೆದದ್ದಕ್ಕಾಗಿ ಎರಡೂ ಕಾರುಗಳ ದುರಸ್ತಿ 87,000 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಸ್ಟಾರ್ಟರ್, ಆಲ್ಟರ್ನೇಟರ್, ನಿಯಂತ್ರಣ ಘಟಕ ಮುಂತಾದವು 50,000. ಮೂರನೆಯ ವರ್ಷದ ಕಾರಿಗೆ ಇವುಗಳ ಮೇಲೆ ಶೇಕಡಾ 15 ಸವಕಳಿ, ಸಿಗುವುದು 42,500. ಬ್ಯಾಟರಿ, ರಬ್ಬರ್, ಪ್ಲಾಸ್ಟಿಕ್ 10,000. ಅದಕ್ಕೆ ಯಾವ ವಯಸ್ಸಿನಲ್ಲೂ ಅರ್ಧ ಮಾತ್ರ, 5,000. ಬಿಚ್ಚಿ ತೊಳೆದು ಒಣಗಿಸಿ ಜೋಡಿಸುವ ಕೂಲಿ 20,000, ಅದು ಪೂರ್ತಿ. ಎಣ್ಣೆ, ಕೂಲೆಂಟ್, ಫಿಲ್ಟರ್ ಇತ್ಯಾದಿ 7,000, ಅದಕ್ಕೆ ಏನೂ ಇಲ್ಲ. ಒಟ್ಟು 67,500. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಕಳೆದರೆ 66,500.

ಇಷ್ಟು ಇಬ್ಬರಿಗೂ ಸಿಕ್ಕಿತು. ಬ್ಯಾಂಕಿನವರ ಎಂಜಿನ್ ದುರಸ್ತಿ ಇನ್ನೂ 1,35,000. ಅದಕ್ಕೆ ಒಂದು ಪೈಸೆಯೂ ಸಿಗಲಿಲ್ಲ. ಗಲ್ಫಿನವರು ಕೈಯಿಂದ ಕೊಟ್ಟದ್ದು 20,500, ಇವರು ಕೊಟ್ಟದ್ದು 1,55,500. ನೀರು ಅದೇ, ನೆಲಮಾಳಿಗೆ ಅದೇ.

ಬಂಪರ್ ಟು ಬಂಪರ್ ಗ್ರಾಹಕ, ಕುಂಬಳೆ

ಇದಕ್ಕೇ ಎಲ್ಲರೂ ಬಂಪರ್ ಟು ಬಂಪರ್ ಪಾಲಿಸಿ ಮಾಡಿಸಬೇಕೆಂದು ನಾನು ಹೇಳುವುದು. ಅದು ಇದ್ದರೆ ಒಂದು ಸ್ಕ್ರೂವಿನಿಂದ ಹಿಡಿದು ಎಂಜಿನ್ನಿನವರೆಗೆ ಪೂರ್ತಿ ಹಣ ಬರುತ್ತದೆ. ನನ್ನ ಕಾರಿನ ಕನ್ನಡಿ ಒಡೆದಾಗ, ಹಿಂದಿನ ಬಂಪರ್ ಹೋದಾಗ ಒಂದು ಸಾವಿರ ಬಿಟ್ಟು ಎಲ್ಲವೂ ಬಂದಿದೆ.

ನಿವೃತ್ತ ಸರ್ವೇಯರ್

ಅರ್ಧ ಸರಿ. ನೀವು ಹೇಳುವ ಪಾಲಿಸಿ ಸವಕಳಿಯನ್ನು ಕಳೆಯುವುದಿಲ್ಲ, ಅಷ್ಟೆ. ಮೇಲಿನ ಲೆಕ್ಕದಲ್ಲಿ ಅದು ಇದ್ದಿದ್ದರೆ 7,500 ಮತ್ತು 5,000, ಒಟ್ಟು 12,500 ಹೆಚ್ಚು ಸಿಗುತ್ತಿತ್ತು. ಎಣ್ಣೆ, ಕೂಲೆಂಟಿಗೆ ಇನ್ನೊಂದು ಹೆಚ್ಚುವರಿ ರಕ್ಷಣೆ ಬೇಕು. ಎಂಜಿನ್ನಿಗೆ ಮತ್ತೊಂದು, ಅದನ್ನು ಎಂಜಿನ್ ಪ್ರೊಟೆಕ್ಟ್ ಎಂದೋ ಅಂಥದೇ ಹೆಸರಿನಿಂದಲೋ ಮಾರುತ್ತಾರೆ. ನಿಮ್ಮ ಬಂಪರ್ ಮತ್ತು ಕನ್ನಡಿ ಬಂದದ್ದರಿಂದ ಎಂಜಿನ್ನೂ ಬರುತ್ತದೆ ಎಂದು ನಂಬಿದ್ದೀರಿ. ಬಂಪರ್‌ಗಳ ನಡುವೆ ಇರುವುದೆಲ್ಲ ಆ ಹೆಸರಿನೊಳಗೆ ಇಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ಹೆಚ್ಚುವರಿ ರಕ್ಷಣೆಗಳನ್ನು ಒಂದೊಂದಾಗಿ, ಪ್ರತಿಯೊಂದಕ್ಕೂ ತೆತ್ತ ಹಣದೊಂದಿಗೆ ಬರೆದಿರುತ್ತಾರೆ. ಅಲ್ಲಿ ಇಲ್ಲದ್ದು ಇಲ್ಲ.

ಗ್ಯಾರೇಜಿನವ, ಮಂಜೇಶ್ವರ

ಸರ್ವೇಯರ್ ಅಣ್ಣನಿಗೆ ಒಂದು ಪ್ರಶ್ನೆ. ಕೀಲಿ ತಿರುಗಿಸಿದ್ದು ಯಜಮಾನ ಎಂದು ನೀವು ಹೇಗೆ ಖಚಿತ ಮಾಡಿದಿರಿ? ನನ್ನ ಇಪ್ಪತ್ತು ವರ್ಷಗಳಲ್ಲಿ ನೆನೆದ ಕಾರನ್ನು ವ್ಯಾನಿನಿಂದ ಇಳಿಸುವ ಹುಡುಗನೇ ಸ್ಟಾರ್ಟ್ ಮಾಡಿ ಹಾಳು ಮಾಡಿದ್ದನ್ನು ಮೂರು ಬಾರಿ ನೋಡಿದ್ದೇನೆ. ಒಂದು ಬಾರಿ ಆ ಹುಡುಗ ನನ್ನವನೇ. ಈಗಿನ ಕಾರುಗಳಲ್ಲಿ ಕೀಲಿಯೇ ಇಲ್ಲ, ಗುಂಡಿ ಒತ್ತಿದರೆ ಆಯಿತು.

ನಿವೃತ್ತ ಸರ್ವೇಯರ್

ಒಪ್ಪಿಕೊಂಡದ್ದಕ್ಕೆ ನಿಮ್ಮನ್ನು ಮೆಚ್ಚಬೇಕು. ಯಾರು ತಿರುಗಿಸಿದರು ಎಂದು ಎಂಜಿನ್ ಹೇಳುವುದಿಲ್ಲ, ತಿರುಗಿತು ಎಂದು ಮಾತ್ರ ಹೇಳುತ್ತದೆ. ನಿಂತ ನೀರು ಉಕ್ಕಿನ ರಾಡನ್ನು ಬಗ್ಗಿಸಲಾರದು. ಕಾರು ಮೂರು ದಿನ ಮುಳುಗಿದ್ದರೂ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿಯುತ್ತದೆ, ರಾಡ್ ಬಾಗುವುದಿಲ್ಲ. ಹೆಡ್ ಬಿಚ್ಚಿ ಮೂರೂ ಪಿಸ್ಟನ್‌ಗಳನ್ನು ಸರದಿಯಂತೆ ತುದಿಗೆ ತಂದು ಅಳೆದರೆ ಒಂದು ಮಾತ್ರ ಮಿಲಿಮೀಟರಿನಷ್ಟು ಕೆಳಗೆ ನಿಲ್ಲುತ್ತದೆ. ಅದರದ್ದೇ ರಾಡ್ ಗಿಡ್ಡವಾಗಿರುವುದು. ಗಾಳಿ ಫಿಲ್ಟರಿನ ಕಾಗದದ ಮೇಲೆ ಕೆಸರಿನ ಗೆರೆ ಎಲ್ಲಿಯವರೆಗಿದೆ ಎಂಬುದನ್ನೂ ನೋಡುತ್ತೇವೆ.

ಬ್ಯಾಂಕಿನವರು ತಾವಾಗಿಯೇ ಹೇಳಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವರ ಮೇಲೆ ನನಗೆ ಇಂದಿಗೂ ಗೌರವವಿದೆ, ಆದರೆ ಪಾಲಿಸಿಯಲ್ಲಿ ಗೌರವಕ್ಕೆ ಕಲಮು ಇಲ್ಲ. ಇರುವ ಕಲಮಿನ ಸಾರ ಇದು: ಅಪಘಾತವೋ ಕೆಡುವಿಕೆಯೋ ಆದ ಮೇಲೆ ಅಗತ್ಯ ದುರಸ್ತಿ ಮಾಡದೆ ವಾಹನ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಳ ಯಜಮಾನನ ಪಾಲಿಗೆ. ಜೊತೆಗೆ, ಒಂದು ಹಾನಿಯ ಬೆನ್ನಿಗೆ ಬರುವ ಪರಿಣಾಮದ ನಷ್ಟವನ್ನು ಪಾಲಿಸಿ ಮೊದಲೇ ಹೊರಗಿಟ್ಟಿದೆ.

ನಿಮ್ಮಂಥ ಗ್ಯಾರೇಜಿಗೆ ಕಾರು ಒಪ್ಪಿಸುವಾಗ ರಸೀದಿಯ ಮೇಲೆ ‘ನೀರಿನಲ್ಲಿ ಮುಳುಗಿದ ವಾಹನ, ಸ್ಟಾರ್ಟ್ ಮಾಡಿಲ್ಲ, ಮಾಡಬಾರದು’ ಎಂದು ಬರೆಸಿಕೊಂಡು ಸಹಿ ಹಾಕಿಸಿದರೆ ಇಳಿಸುವ ಹುಡುಗನ ತಪ್ಪು ಯಜಮಾನನ ತಲೆಗೆ ಬರುವುದಿಲ್ಲ.

ಗ್ಯಾರೇಜಿನವ, ಮಂಜೇಶ್ವರ

ಅದನ್ನು ನಾಳೆಯೇ ಅಚ್ಚು ಹಾಕಿಸುತ್ತೇನೆ. ಇನ್ನೊಂದು ವಿಷಯ. ನೀರು ಇಳಿದ ಕೂಡಲೇ ಬ್ಯಾಟರಿಯ ಋಣ ತಂತಿ ತೆಗೆಯಿರಿ. ವಿದ್ಯುತ್ ಹರಿಯುತ್ತಿದ್ದರೆ ನೆನೆದ ಜೋಡಣೆಗಳು ಒಂದೇ ದಿನದಲ್ಲಿ ಹಸಿರು ಹಿಡಿಯುತ್ತವೆ. ನಮ್ಮ ಹೊಳೆಬಾಗಿಲಿನ ಕಡೆ ಭರತದ ಹೊತ್ತಿಗೆ ಮಳೆ ಬಂದರೆ ನುಗ್ಗುವುದು ಉಪ್ಪುನೀರು. ಅದು ಇನ್ನೂ ಬೇಗ ತಿನ್ನುತ್ತದೆ. ಹಾಗೆ ನೆನೆದ ಕಾರು ತೊಳೆದು ಓಡಿದರೂ ನಾಲ್ಕು ತಿಂಗಳ ಮೇಲೆ ಕಿಟಕಿ ಏರುವುದಿಲ್ಲ, ಏರ್‌ಬ್ಯಾಗ್ ದೀಪ ಉರಿಯುತ್ತದೆ ಎಂದು ವಾಪಸು ಬರುತ್ತದೆ. ಆಗ ಕ್ಲೇಮು ಮುಗಿದಿರುತ್ತದೆ.

ಅಡಿಕೆ ಬೆಳೆಗಾರ, ಬದಿಯಡ್ಕ

ವಿಷಯ ಒಳ್ಳೆಯದು. ನನ್ನ ಮಗನ ಫ್ಲಾಟಿನ ನೆಲಮಾಳಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಎರಡು ಮೂಟೆ, ಪಕ್ಕದಲ್ಲಿ ಹಲಗೆಯ ಮೇಲೆ ಆರು ಮೂಟೆ ಸುಲಿದ ಅಡಿಕೆ ಇಟ್ಟಿದ್ದೆ. ದರ ಏರಲಿ ಎಂದು. ಎಂಟಕ್ಕೂ ನೀರು ತಾಗಿ ಬೂಸಲು ಬಂತು. ಕಾರಿನ ವಿಮೆಯಲ್ಲಿ ಡಿಕ್ಕಿಯ ಎರಡಾದರೂ ಸಿಗುತ್ತದೆಯೇ? ಸಿಗುವುದಾದರೆ ಮುಂದೆ ಎಲ್ಲವನ್ನೂ ಡಿಕ್ಕಿಯಲ್ಲೇ ಇಡಬಹುದಿತ್ತು.

ನಿವೃತ್ತ ಸರ್ವೇಯರ್

ಭಾವ, ಕಾರಿನ ವಿಮೆ ಕಾರಿಗೆ. ಅದರಲ್ಲಿ ಇಟ್ಟ ಲ್ಯಾಪ್‌ಟಾಪ್, ಸೀರೆ, ಅಡಿಕೆ ಯಾವುದಕ್ಕೂ ಇಲ್ಲ. ಹಲಗೆಯ ಮೇಲಿನ ಆರಕ್ಕೂ ಇಲ್ಲ. ವಾಹನ ನಿಲ್ಲಿಸುವ ಜಾಗದಲ್ಲಿ ದಾಸ್ತಾನು ಇಡಲು ಸಂಘ ಬಿಟ್ಟದ್ದು ಬೇರೆ ಚರ್ಚೆ, ಅದನ್ನು ನಿಮ್ಮ ಮಗನೊಡನೆ ಮಾಡಿ.

ಸ್ಕೂಟರಿನವಳು, ಉಪ್ಪಳ

ನನ್ನ ಕಥೆ ಕಾರಿನದಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಸ್ಕೂಟರ್ ನೆಲಮಾಳಿಗೆಯಲ್ಲಿ ಒಂದು ರಾತ್ರಿ ಪೂರ್ತಿ ಮುಳುಗಿತ್ತು. ನಾನು ಸ್ಟಾರ್ಟ್ ಮಾಡಲಿಲ್ಲ, ಫೋಟೋ ತೆಗೆದೆ, ತಳ್ಳಿಕೊಂಡು ಹೋದೆ. ಎಲ್ಲವೂ ಸರಿಯಾಗಿಯೇ ಮಾಡಿದೆ. ಕಾಗದದಲ್ಲಿ ಐದು ವರ್ಷ ಎಂದು ಅಚ್ಚಾಗಿದೆ, ಗಾಡಿಗೆ ಮೂರೇ ವರ್ಷ. ಆದರೂ ಕಂಪನಿಯವರು ನಿಮಗೆ ಏನೂ ಬರುವುದಿಲ್ಲ ಎಂದರು. ಎಂಜಿನ್ನಿಗಷ್ಟೇ ಅಲ್ಲ, ತೊಳೆಯುವ ಕೂಲಿಯೂ ಇಲ್ಲ. ಇದು ಯಾವ ನ್ಯಾಯ?

ನಿವೃತ್ತ ಸರ್ವೇಯರ್

ತಂಗಿ, ಆ ಕಾಗದವನ್ನು ಇನ್ನೊಮ್ಮೆ ನೋಡು. ಅದರಲ್ಲಿ ಎರಡು ಅವಧಿಗಳು ಇರುತ್ತವೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷ ಮೂರನೆಯವರ ಹೊಣೆಯ ವಿಮೆ ಒಟ್ಟಿಗೇ ಮಾಡಿಸಬೇಕು. ಅಂದರೆ ನಿನ್ನ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ನಿನ್ನ ಗಾಡಿಗೇ ಆಗುವ ಹಾನಿಯ ಭಾಗವನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಟ್ಟಿರುತ್ತಾರೆ. ಅದನ್ನು ಪ್ರತಿ ವರ್ಷ ನವೀಕರಿಸಬೇಕು. ದೊಡ್ಡ ಅಕ್ಷರದ ಐದು ವರ್ಷ ನೋಡಿ ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ಪೊಲೀಸರು ತಡೆದರೆ ಆ ಕಾಗದ ಸಾಕು, ನೀರು ತಡೆಯಲು ಸಾಲದು.

ಭಾನುವಾರದ ಸಭೆಯಲ್ಲಿ ಫೋನಿನಲ್ಲೇ ಪಾಲಿಸಿ ತೆರೆದು ನೋಡಿ ಎಂದೆ. ಸ್ವಂತ ಹಾನಿಯ ಭಾಗ ಮುಗಿದಿದ್ದವರು ಒಬ್ಬರಲ್ಲ, ಸಾಲಿಗೊಬ್ಬರು ಇದ್ದರು.

ಸ್ಕೂಟರಿನವಳು, ಉಪ್ಪಳ

ನೋಡಿದೆ. ಎರಡನೆಯ ಸಾಲಿನಲ್ಲಿ ಸಣ್ಣದಾಗಿ ಇದೆ. ಮಾರಾಟಗಾರ ಹೇಳಿರಲಿಲ್ಲ ಎಂಬುದು ನಿಜವಾದರೂ ಈಗ ಉಪಯೋಗವಿಲ್ಲ. ಇಂದೇ ಅದನ್ನು ಮಾತ್ರ ಮಾಡಿಸಿದರೆ ಜೂನ್‌ಗೆ ಆಗುತ್ತದೆಯೇ?

ನಿವೃತ್ತ ಸರ್ವೇಯರ್

ಸ್ವಂತ ಹಾನಿಯ ಭಾಗವನ್ನು ಬೇರೆಯಾಗಿ ಮಾಡಿಸಬಹುದು. ಅವಧಿ ತಪ್ಪಿರುವುದರಿಂದ ಮೊದಲು ಗಾಡಿಯನ್ನು ನೋಡಿಯೋ ವಿಡಿಯೋ ತರಿಸಿಕೊಂಡೋ ಕೊಡುತ್ತಾರೆ. ಆದರೆ ಕಾರಿನವರು ಗಮನಿಸಿ: ಎಂಜಿನ್ ರಕ್ಷಣೆಯಂಥವನ್ನು ಸಾಮಾನ್ಯವಾಗಿ ನವೀಕರಣದ ದಿನವೇ ಸೇರಿಸಬೇಕು, ವರ್ಷದ ನಡುವೆ ಮಳೆ ಕಂಡು ಸೇರಿಸಲು ಬಿಡುವುದಿಲ್ಲ.

ಸಂಘದ ಕಾರ್ಯದರ್ಶಿ, ಕಾಸರಗೋಡು

ಸಭೆ ಕರೆದವನು ನಾನೇ. ನಮ್ಮಲ್ಲಿ 3 ಅಶ್ವಶಕ್ತಿಯ ಎರಡು ಪಂಪ್‌ಗಳಿವೆ, ಒಂದೊಂದು ಸೆಕೆಂಡಿಗೆ 10 ಲೀಟರ್ ಎತ್ತುತ್ತದೆ. ಜನರೇಟರ್ ಇದೆ. ಕಳೆದ ವರ್ಷ ಖರ್ಚು ಮಾಡಿ ಹೊಸದಾಗಿ ಹಾಕಿಸಿದ್ದು. ನೀರು ಬಂದರೆ ಎತ್ತಿ ಹೊರಗೆ ಹಾಕುತ್ತವೆ. ಹಾಗಿರುವಾಗ ಸಭೆಯಲ್ಲಿ ಕೆಲವರು ಗಾಬರಿ ಎಬ್ಬಿಸಿದ್ದು ಸರಿಯಲ್ಲ. ಇಳಿಜಾರಿನ ಬಾಯಿ 5 ಮೀಟರ್ ಅಗಲ, ಒಳಗಿನ ವಿಸ್ತಾರ ಸುಮಾರು 1,000 ಚದರ ಮೀಟರ್. ಬಲ್ಲವರು ಹೇಳಲಿ.

ನಿವೃತ್ತ ಸಿವಿಲ್ ಇಂಜಿನಿಯರ್, ಮುಳ್ಳೇರಿಯ

ಅಳತೆ ಕೊಟ್ಟದ್ದು ಒಳ್ಳೆಯದಾಯಿತು, ಲೆಕ್ಕ ಮಾಡಬಹುದು. ನಿಮ್ಮ ನೆಲಮಾಳಿಗೆಗೆ ನೀರು ಮೂರು ದಾರಿಯಲ್ಲಿ ಬರುತ್ತದೆ, ಮೂರಕ್ಕೂ ಮದ್ದು ಬೇರೆ.

ಒಂದು ಇಳಿಜಾರಿನ ಮೇಲೆ ನೇರವಾಗಿ ಬೀಳುವ ಮಳೆ. ಇಳಿಜಾರು 20 ಮೀಟರ್ ಉದ್ದವೆಂದರೆ 100 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ಸುರಿದರೂ ಸೆಕೆಂಡಿಗೆ ಮೂರು ಲೀಟರ್ ಆಗುವುದಿಲ್ಲ. ನಿಮ್ಮ ಒಂದೇ ಪಂಪ್ ಸಾಕು. ಎರಡನೆಯದು ಒರತೆ. ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದರು. ನಾವು ಅದೇ ಕಲ್ಲನ್ನು ಕಡಿದು ನೆಲಮಾಳಿಗೆ ಮಾಡಿ ಅದು ಒಣಗಿರಲಿ ಎನ್ನುತ್ತೇವೆ. ಅದಕ್ಕೂ ಪಂಪ್ ಸಾಕು.

ಮೂರನೆಯದು ರಸ್ತೆಯ ನೀರು ಇಳಿಜಾರಿನ ತಲೆಯನ್ನು ದಾಟಿ ಬರುವುದು. 5 ಮೀಟರ್ ಅಗಲದ ಬಾಯಿಯ ಮೇಲೆ ನೀರು 5 ಸೆಂಟಿಮೀಟರ್ ನಿಂತರೆ ಸೆಕೆಂಡಿಗೆ ಸುಮಾರು 95 ಲೀಟರ್ ಒಳಗೆ ಬೀಳುತ್ತದೆ. 15 ಸೆಂಟಿಮೀಟರ್ ನಿಂತರೆ ಮೂರು ಪಟ್ಟಲ್ಲ, ಐದು ಪಟ್ಟು, ಸುಮಾರು 490 ಲೀಟರ್. ಅಣೆಕಟ್ಟಿನ ಕೋಡಿಯ ಲೆಕ್ಕವೇ ಇದು, ಆಳ ಏರಿದಷ್ಟೂ ನೀರು ದಪ್ಪವೂ ಆಗುತ್ತದೆ, ವೇಗವೂ ಆಗುತ್ತದೆ. 1,000 ಚದರ ಮೀಟರಿನಲ್ಲಿ ಅರ್ಧ ಮೀಟರ್ ತುಂಬಲು ಆಗ ಬೇಕಾದದ್ದು 17 ನಿಮಿಷ. ನಿಮ್ಮ ಎರಡೂ ಪಂಪ್‌ಗಳು ಸೇರಿ ಎತ್ತುವುದು 20 ಲೀಟರ್. ಅವು ಉಳಿಸಿಕೊಡುವುದು ಮುಕ್ಕಾಲು ನಿಮಿಷ.

ಆದ್ದರಿಂದ ಪಂಪಿಗಲ್ಲ, ಇಳಿಜಾರಿನ ತಲೆಗೆ ಹಣ ಹಾಕಿ. ರಸ್ತೆಯಿಂದ ಒಳಗೆ ತಿರುಗುವಲ್ಲಿ ಮೊದಲು ಮೇಲೇರಿ ಆಮೇಲೆ ಇಳಿಯುವ ಉಬ್ಬು ಇರಬೇಕು. ಆ ಉಬ್ಬಿನ ನೆತ್ತಿ ಹಿಂದೆ ಕಂಡ ಅತಿ ಎತ್ತರದ ನೀರಿನ ಗುರುತಿಗಿಂತ ಮೇಲಿರಬೇಕು. ನಿಮ್ಮ ಕಟ್ಟಡ ಕಟ್ಟುವಾಗ ಉಬ್ಬು ಇದ್ದಿರಬಹುದು. ಆಮೇಲೆ ಮುಂದಿನ ರಸ್ತೆಯನ್ನು ಎತ್ತರಿಸಿದ್ದರೆ ಉಬ್ಬು ಅಲ್ಲೇ ಇದೆ, ರಸ್ತೆ ಅದರ ಸಮಕ್ಕೆ ಬಂದಿದೆ. ಒಂದು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿ ಮೇಸ್ತ್ರಿ ಮಟ್ಟ ನೋಡಿಕೊಡುತ್ತಾನೆ. ಹತ್ತು ನಿಮಿಷದ ಕೆಲಸ.

ಸಂಘದ ಕಾರ್ಯದರ್ಶಿ

ಇಂದು ಬೆಳಿಗ್ಗೆ ಮೇಸ್ತ್ರಿಯನ್ನು ಕರೆದು ನೋಡಿಸಿದೆ. ರಸ್ತೆಯ ಅಂಚಿಗಿಂತ ನಮ್ಮ ಉಬ್ಬು ಎತ್ತರವಿರುವುದು 4 ಸೆಂಟಿಮೀಟರ್. ಹಳಬರು ಹೇಳುವಂತೆ ಮೊದಲು ಒಂದು ಮೆಟ್ಟಿಲಿನಷ್ಟು ಇತ್ತು. 30 ಸೆಂಟಿಮೀಟರ್ ಏರಿಸಿದರೆ ಕಾರಿನ ಹೊಟ್ಟೆ ಉಜ್ಜುತ್ತದೆ ಎನ್ನುತ್ತಾನೆ. ಗೇಟಿನಿಂದ ಒಳಗೆ ಅಷ್ಟು ಉದ್ದ ಜಾಗವಿಲ್ಲ.

ನಿವೃತ್ತ ಸಿವಿಲ್ ಇಂಜಿನಿಯರ್

ಮೇಸ್ತ್ರಿ ಹೇಳಿದ್ದು ಸರಿ. ಜಾಗ ಬಿಡುವಷ್ಟು ಏರಿಸಿ, ಹದಿನೈದೋ ಎಷ್ಟೋ. ಉಳಿದದ್ದಕ್ಕೆ ಎರಡೂ ಗೋಡೆಗಳಲ್ಲಿ ಕಬ್ಬಿಣದ ಚಾನೆಲ್ ಕೂರಿಸಿ, ನಡುವೆ ಒಂದು ಕಂಬ ಸಿಕ್ಕಿಸುವ ಗುಳಿ ಇಟ್ಟು, ಹಲಗೆ ಇಳಿಸುವಂತೆ ಮಾಡಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಳಗೆ ರಬ್ಬರ್ ಪಟ್ಟಿ ಇರಲಿ. ಸ್ವಲ್ಪ ಸೋರುತ್ತದೆ, ಆ ಸೋರಿಕೆಗೆ ನಿಮ್ಮ ಪಂಪ್ ಇದೆ.

ಇನ್ನೆರಡು ನೋಡಿ. ಪಂಪಿನ ವಿದ್ಯುತ್ ಪೆಟ್ಟಿಗೆ ಎಲ್ಲಿದೆ? ನೆಲಮಾಳಿಗೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಇದ್ದರೆ ಅಗತ್ಯ ಬಂದ ಹೊತ್ತಿಗೇ ಅದು ಸಾಯುತ್ತದೆ. ಎರಡನೆಯದು ಪಂಪಿನ ಹೊರಕೊಳವೆ ರಸ್ತೆಯ ಚರಂಡಿಗೆ ಸೇರಿದ್ದರೆ, ಚರಂಡಿ ತುಂಬಿದಾಗ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಬರುತ್ತದೆ. ಹಿಂದೆ ಬಾರದಂತೆ ತಡೆಯುವ ಕವಾಟ ಇದೆಯೇ, ಅದರಲ್ಲಿ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿಲ್ಲವೇ ನೋಡಿ.

ಸಂಘದ ಕಾರ್ಯದರ್ಶಿ

ಪೆಟ್ಟಿಗೆ ನೆಲಮಾಳಿಗೆಯಲ್ಲೇ ಇದೆ. ಸೊಂಟದೆತ್ತರಕ್ಕೆ. ಬೇರೇನೂ ಹೇಳುವುದಿಲ್ಲ.

ಎ ಬ್ಲಾಕಿನವನು

ಅಷ್ಟೆಲ್ಲ ಏಕೆ? ನೀರು ಬರುವ ಸೂಚನೆ ಸಿಕ್ಕಿದ ಕೂಡಲೇ ಕಾವಲುಗಾರ ಎಲ್ಲ ಮನೆಗಳಿಗೂ ಕರೆ ಮಾಡಲಿ, ನಾವು ಇಳಿದು ಕಾರು ತೆಗೆದು ವಿದ್ಯಾನಗರದ ಎತ್ತರದ ಬದಿಯಲ್ಲಿ ನಿಲ್ಲಿಸುತ್ತೇವೆ. ಚೆನ್ನೈಯವರು 2023ರ ಡಿಸೆಂಬರ್‌ನಲ್ಲಿ ಮೇಲ್ಸೇತುವೆಗಳ ಮೇಲೆ ಕಾರು ಸಾಲಾಗಿ ನಿಲ್ಲಿಸಿರಲಿಲ್ಲವೇ?

ನಿವೃತ್ತ ಸರ್ವೇಯರ್

ಚೆನ್ನೈಯವರು ನೀರು ಬರುವ ಮೊದಲು ನಿಲ್ಲಿಸಿದರು. ನೀರು ಬರುತ್ತಿರುವಾಗ ಕರೆ ಮಾಡಿದರೆ ಏನಾಗುತ್ತದೆಂದು ದಕ್ಷಿಣ ಕೊರಿಯಾದ ಪೊಹಾಂಗಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಕಂಡಿದೆ. ಚಂಡಮಾರುತದ ಮಳೆಗೆ ಪಕ್ಕದ ಹೊಳೆ ಉಕ್ಕುತ್ತಿತ್ತು, ಕಾರು ತೆಗೆಯಿರಿ ಎಂದು ವಸತಿ ಸಮುಚ್ಚಯದ ಕಚೇರಿ ಧ್ವನಿವರ್ಧಕದಲ್ಲಿ ಹೇಳಿತು, ಜನ ಇಳಿದರು. ನೆಲಮಾಳಿಗೆಯಲ್ಲಿ ಏಳು ಜನ ಸತ್ತರು. ದೆಹಲಿಯಲ್ಲಿ 2024ರ ಜುಲೈಯಲ್ಲಿ ತರಬೇತಿ ಕೇಂದ್ರದ ನೆಲಮಾಳಿಗೆಯ ಗ್ರಂಥಾಲಯದಲ್ಲಿ ಮೂವರು ವಿದ್ಯಾರ್ಥಿಗಳು ಸತ್ತದ್ದು ನಿಮಗೆ ನೆನಪಿರಬೇಕು.

ನಿವೃತ್ತ ಸಿವಿಲ್ ಇಂಜಿನಿಯರ್

ಮೇಲೆ ಹೇಳಿದ 17 ನಿಮಿಷವನ್ನು ಇಲ್ಲಿಟ್ಟು ನೋಡಿ. ಮೆಟ್ಟಿಲಿನ ಬಾಗಿಲು 90 ಸೆಂಟಿಮೀಟರ್ ಅಗಲವಿದ್ದು ಆಚೆ 60 ಸೆಂಟಿಮೀಟರ್ ನೀರಿದ್ದರೆ ಅದನ್ನು ಒತ್ತುವ ಬಲ ಸುಮಾರು 160 ಕಿಲೋ. ನೀರಿನ ಕಡೆಗೆ ತೆರೆಯುವ ಬಾಗಿಲನ್ನು ಒಬ್ಬರು ತಳ್ಳಲಾರರು. ಇಳಿಜಾರಿನಲ್ಲಿ ಎದುರಿನಿಂದ ನೀರು ಬರುತ್ತಿರುತ್ತದೆ, ಮುಂದಿನ ಕಾರು ನಿಂತರೆ ಹಿಂದಿನ ಹತ್ತು ನಿಲ್ಲುತ್ತವೆ.

ಗೇಟಿನ ಕಂಬದ ಮೇಲೆ ಎರಡು ಗೆರೆ ಬರೆಯಿರಿ. ರಸ್ತೆಯ ನೀರು ಹಳದಿ ಗೆರೆಗೆ ಬಂದರೆ ಕಾರು ತೆಗೆಯುವ ಹೊತ್ತು. ಅದು ಉಬ್ಬಿನ ನೆತ್ತಿಗಿಂತ ಸಾಕಷ್ಟು ಕೆಳಗಿರಲಿ. ನೆತ್ತಿಯ ಮಟ್ಟದಲ್ಲಿ ಕೆಂಪು ಗೆರೆ. ಅಲ್ಲಿಗೆ ಬಂದರೆ ನೆಲಮಾಳಿಗೆಯ ಬಾಗಿಲಿಗೆ ಬೀಗ, ಲಿಫ್ಟ್ ಮೇಲಿನ ಮಹಡಿಯಲ್ಲಿ ನಿಲ್ಲಬೇಕು, ಯಾರ ಕಾರಾದರೂ ಅಲ್ಲೇ ಇರಲಿ. ನಾಲ್ಕೇ ಸೆಂಟಿಮೀಟರ್ ಉಬ್ಬು ಇರುವ ನಿಮ್ಮಲ್ಲಿ ಈಗ ಹಳದಿ ಗೆರೆ ಬರೆಯಲು ಜಾಗವೇ ಇಲ್ಲ. ಹಲಗೆ ಹಾಕುವವರೆಗೆ ಹವಾಮಾನ ಎಚ್ಚರಿಕೆಯ ಸಂಜೆಯೇ ಕಾರು ತೆಗೆಯಬೇಕು.

ಮಾಸ್ತರರು, ಮಂಜೇಶ್ವರ

ಆ ಗೆರೆಗಳ ಪಕ್ಕದಲ್ಲಿ ಬರೆಯುವುದನ್ನು ಮಲಯಾಳದಲ್ಲಿ ಮಾತ್ರ ಬರೆಯಬೇಡಿ, ಕನ್ನಡದಲ್ಲಿಯೂ ಬರೆಯಿರಿ. ನನ್ನ ಅಕ್ಕ ಮಲಯಾಳವನ್ನು ನೀರಿನಂತೆ ಮಾತನಾಡುತ್ತಾಳೆ, ಓದಲು ಬಾರದು. ಅವಳ ಫ್ಲಾಟಿನಲ್ಲಿ ರಾತ್ರಿ ವಾಟ್ಸಾಪಿಗೆ ಬಂದ ಎಚ್ಚರಿಕೆಯನ್ನು ಹಬ್ಬದ ಶುಭಾಶಯ ಎಂದುಕೊಂಡು ಮಲಗಿದಳು. ಬಾಗಿಲು ತಟ್ಟಿ ಹೇಳುವ ಏರ್ಪಾಡೂ ಇರಲಿ.

ಎ ಬ್ಲಾಕಿನವನು

ಸರಿ, ಇಳಿಯುವುದಿಲ್ಲ. ಆದರೆ ಪಂಪಿನ ಪೆಟ್ಟಿಗೆ ತಪ್ಪಾದ ಜಾಗದಲ್ಲಿದೆ ಎಂದು ಸಂಘಕ್ಕೆ ಈಗ ಗೊತ್ತಾಗಿದೆ. ಮುಂದೆ ನನ್ನ ಕಾರು ಮುಳುಗಿದರೆ ನನ್ನ ಕೈಯಿಂದ ಹೋದ ಹಣವನ್ನು ಸಂಘ ಕೊಡಬೇಕಲ್ಲವೇ? ಕಟ್ಟಡಕ್ಕೆ ವಿಮೆ ಇದೆಯಲ್ಲ.

ನಿವೃತ್ತ ಸರ್ವೇಯರ್

ಕಟ್ಟಡದ ವಿಮೆ ಗೋಡೆ, ಲಿಫ್ಟ್, ಪಂಪ್, ಜನರೇಟರಿಗೆ. ಸದಸ್ಯರ ಕಾರಿಗಲ್ಲ. ಸಂಘದ ನಿರ್ಲಕ್ಷ್ಯವೆಂದು ತೋರಿಸಬಲ್ಲಿರಾದರೆ ಕೇಳಬಹುದು. ವಿಮಾ ಕಂಪನಿ ನಿಮಗೆ ಹಣ ಕೊಟ್ಟ ಮೇಲೆ ನಿಮ್ಮ ಸ್ಥಾನದಲ್ಲಿ ನಿಂತು ಸಂಘದಿಂದ ವಸೂಲಿ ಮಾಡುವ ಹಕ್ಕು ಅದಕ್ಕೂ ಇದೆ. ವಸತಿ ಸಂಘಗಳ ಮೇಲೆ ಹಾಗೆ ಹೋದದ್ದನ್ನು ನನ್ನ ಕೆಲಸದಲ್ಲಿ ನಾನು ನೋಡಿಲ್ಲ.

ಸಂಘದ ಕಾರ್ಯದರ್ಶಿ

ಎ ಬ್ಲಾಕಿನವರೇ, ಸಂಘ ಎಂದರೆ ನೀವೂ ನಾನೂ ಕೊಡುವ ತಿಂಗಳ ವಂತಿಗೆ. ನಿಮ್ಮ ಎರಡು ತಿಂಗಳದ್ದು ಬಾಕಿ ಇದೆ.

ಎ ಬ್ಲಾಕಿನವನು

ಬಾಕಿ ಇದ್ದದ್ದಕ್ಕೂ ಪೆಟ್ಟಿಗೆ ಸೊಂಟದೆತ್ತರಕ್ಕೆ ಇದ್ದದ್ದಕ್ಕೂ ಸಂಬಂಧವಿಲ್ಲ. ಗೊತ್ತಿದ್ದೂ ಸರಿಪಡಿಸದಿದ್ದರೆ ಅದು ನಿರ್ಲಕ್ಷ್ಯವೇ. ಈ ಚರ್ಚೆಯನ್ನೇ ಅಚ್ಚು ಹಾಕಿ ಇಟ್ಟುಕೊಳ್ಳುತ್ತೇನೆ.

ಮಂಗಳೂರಿಗೆ ದಿನವೂ ಹೋಗುವವನು, ಹೊಸಂಗಡಿ

ಜಗಳದ ನಡುವೆ ಕ್ಷಮಿಸಿ. ನನ್ನದು ಕೆಎ 19 ನೋಂದಣಿ, ಪಾಲಿಸಿ ಮಂಗಳೂರಿನ ಶಾಖೆಯದ್ದು, ಮನೆ ಮತ್ತು ನೆಲಮಾಳಿಗೆ ಕೇರಳದಲ್ಲಿ. ಕ್ಲೇಮು ತಿರಸ್ಕರಿಸಿದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಲು ಕೊಚ್ಚಿಯೋ ಬೆಂಗಳೂರೋ? ಇನ್ನೊಂದು, ಇಲ್ಲಿಂದ ಮಂಗಳೂರಿನ ವರ್ಕ್‌ಶಾಪಿಗೆ ಎಳೆಯುವ ಖರ್ಚು ಯಾರದು?

ನಿವೃತ್ತ ಸರ್ವೇಯರ್

ಎರಡರಲ್ಲಿ ಯಾವುದಾದರೂ ಆಗುತ್ತದೆ. ನೀವು ವಾಸಿಸುವ ಊರು ಯಾರ ವ್ಯಾಪ್ತಿಯಲ್ಲಿದೆಯೋ ಅವರು, ಇಲ್ಲವೇ ಕಂಪನಿಯ ಶಾಖೆ ಯಾರ ವ್ಯಾಪ್ತಿಯಲ್ಲಿದೆಯೋ ಅವರು. ಗಡಿಯಲ್ಲಿರುವುದರ ಒಂದು ಲಾಭ ಎಂದುಕೊಳ್ಳಿ. ಮೊದಲು ಕಂಪನಿಗೇ ಲಿಖಿತವಾಗಿ ದೂರು ಕೊಡಬೇಕು. ಒಂದು ತಿಂಗಳು ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರು ಬೇಡ.

ಎಳೆಯುವ ಖರ್ಚಿಗೆ ಮೂಲ ಪಾಲಿಸಿಯಲ್ಲಿ ಕಾರಿಗೆ 1,500 ರೂಪಾಯಿ, ದ್ವಿಚಕ್ರಕ್ಕೆ 300 ರೂಪಾಯಿ ಮಿತಿ. ಮುಳುಗಿದ ಕಾರನ್ನು ನೆಲಮಾಳಿಗೆಯಿಂದ ಮೇಲೆ ತಂದು ತಲಪಾಡಿ ದಾಟಿಸಲು ಅದು ಸಾಲದು. ರಸ್ತೆ ಸಹಾಯದ ಹೆಚ್ಚುವರಿ ರಕ್ಷಣೆ ಇದ್ದರೆ ಅವರಿಗೆ ಫೋನ್ ಮಾಡಿ. ಇಲ್ಲವಾದರೆ ಹತ್ತಿರದ ಗ್ಯಾರೇಜಿನಲ್ಲೇ ಸರ್ವೇ ಮಾಡಿಸಲು ಕೇಳಿ.

ಬಂಪರ್ ಟು ಬಂಪರ್ ಗ್ರಾಹಕ

ನನ್ನ ಪಾಲಿಸಿ ತೆರೆದು ನೋಡಿದೆ. ಎಂಜಿನ್ ಎಂಬ ಪದವೇ ಇಲ್ಲ. ಏಜೆಂಟರು ನನ್ನ ಷಡ್ಡಕ. ನವೀಕರಣ ಅಕ್ಟೋಬರ್‌ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡಲಿ?

ಗ್ಯಾರೇಜಿನವ, ಮಂಜೇಶ್ವರ

ಕೀಲಿಯನ್ನು ಷಡ್ಡಕನ ಮನೆಯಲ್ಲಿ ಇಡಿ.

ಸಂಘದ ಕಾರ್ಯದರ್ಶಿ

ಪೆಟ್ಟಿಗೆಯನ್ನು ನೆಲಮಹಡಿಯ ಮೀಟರ್ ಕೋಣೆಗೆ ಏರಿಸಲು ಎಲೆಕ್ಟ್ರಿಷಿಯನ್ ಗುರುವಾರ ಬರುತ್ತಾನೆ. ಹಲಗೆಯ ಚಾನೆಲ್‌ಗೆ ಎರಡು ಕಡೆ ದರ ಕೇಳಿದ್ದೇನೆ. ಕಾರು ಇಲ್ಲದ ಹನ್ನೊಂದು ಮನೆಗಳವರು ಅದರ ಖರ್ಚಿನಲ್ಲಿ ಪಾಲು ಕೊಡುವುದಿಲ್ಲ ಎನ್ನುತ್ತಿದ್ದಾರೆ. ಲಿಫ್ಟಿನ ತಳದ ಹೊಂಡ ಮತ್ತು ನೀರಿನ ತೊಟ್ಟಿ ಇರುವುದೂ ಕೆಳಗೇ ಎಂದು ಹೇಳಿ ನೋಡಿದೆ. ಮಹಾಸಭೆ ಮುಂದಿನ ಭಾನುವಾರ. ಇಂಜಿನಿಯರರು ಬಂದು ಆ 17 ನಿಮಿಷದ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸುವುದಾದರೆ ಮುಳ್ಳೇರಿಯದಿಂದ ಕರೆತರಲು ನನ್ನ ಕಾರು ಕಳುಹಿಸುತ್ತೇನೆ. ಅದನ್ನು ಈಗ ಹೊರಗೆ ನಿಲ್ಲಿಸಿದ್ದೇನೆ.